ರಿವ್ಯೂವರ್‌ಗೆ ಉತ್ತರ ಬರೆಯುವುದು ಹೇಗೆ: ಒಂದು ಕಾಫಿ ತೋಟದ ಪೇಪರ್ ಇಟ್ಟುಕೊಂಡು

ಜರ್ನಲ್‌ನಿಂದ "ಮೇಜರ್ ರಿವಿಷನ್" ಅಂತ ಮೇಲ್ ಬಂದ ದಿನವೇ ಉತ್ತರ ಬರೆಯಲು ಕೂರಬೇಡಿ. ಆ ದಿನ ಒಂದೇ ಕೆಲಸ ಮಾಡಿ. ರಿವ್ಯೂವರ್‌ಗಳು ಬರೆದದ್ದನ್ನೆಲ್ಲ ಒಂದು ಅಕ್ಷರವೂ ಬಿಡದೆ ಹೊಸ ಫೈಲ್‌ಗೆ ಕಾಪಿ ಮಾಡಿ, ಒಂದೊಂದು ಮಾತಿಗೂ ನಂಬರ್ ಹಾಕಿ. ಮೊದಲ ರಿವ್ಯೂವರ್‌ನ ಮೂರನೇ ಕಮೆಂಟ್ 1.3, ಎರಡನೆಯವರ ಮೊದಲನೆಯದು 2.1, ಹೀಗೆ. ಒಂದು ಪ್ಯಾರಾದಲ್ಲಿ ಮೂರು ಪ್ರಶ್ನೆ ಸೇರಿಕೊಂಡಿದ್ದರೆ ಅದನ್ನು ಮೂರಾಗಿ ಒಡೆಯಿರಿ. ಒಡೆಯದೆ ಬಿಟ್ಟರೆ ಮೊದಲ ಎರಡಕ್ಕೆ ಉತ್ತರ ಕೊಟ್ಟು ಮೂರನೆಯದು ಮರೆತೇಹೋಗುತ್ತದೆ. ಆ ಮೂರನೆಯದನ್ನೇ ರಿವ್ಯೂವರ್ ಮುಂದಿನ ಸುತ್ತಿನಲ್ಲಿ ಎತ್ತಿ ತೋರಿಸುತ್ತಾರೆ.

ನನ್ನ ಮೊದಲ ಪೇಪರ್‌ಗೆ ನಾನು ಹೀಗೆ ಮಾಡಿರಲಿಲ್ಲ. ಎಲ್ಲ ಕಮೆಂಟುಗಳನ್ನೂ ವಿಷಯವಾರು ಸೇರಿಸಿ ಎರಡು ಪುಟದ ಪ್ರಬಂಧದ ಹಾಗೆ ಬರೆದು ಕಳಿಸಿದ್ದೆ. ಸಂಪಾದಕರು ಅದನ್ನು ರಿವ್ಯೂವರ್‌ಗಳಿಗೆ ಕಳಿಸಲೇ ಇಲ್ಲ, ಕಮೆಂಟಿನ ಕೆಳಗೆ ಉತ್ತರ ಬರೆದು ಮತ್ತೆ ಕಳಿಸಿ ಅಂತ ವಾಪಸ್ ಮಾಡಿದರು. ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಸಂಪಾದಕರ ಮುಂದೆ ಇಂಥ ಪೇಪರ್‌ಗಳು ಎಷ್ಟೋ ಇರುತ್ತವೆ. ಪೇಪರ್ ತೆರೆಯದೆ, ಪತ್ರವೊಂದನ್ನೇ ಓದಿ, ಏನು ಕೇಳಿದ್ದರು, ಏನು ಬದಲಾಯಿತು ಅನ್ನುವುದು ಅವರಿಗೆ ತಿಳಿಯಬೇಕು. ಉತ್ತರ ಪತ್ರದ ಪ್ರತಿ ಸಾಲನ್ನೂ ಈ ಒಂದು ಅಳತೆಯಿಂದ ನೋಡಿ.

ಹೋದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ಒಬ್ಬ ಪಿಎಚ್‌ಡಿ ಹುಡುಗಿ ಇದೇ ಕೆಲಸಕ್ಕೆ ಕೂತಿದ್ದಳು. "ಅಕ್ಕಾ, ಹದಿನೇಳು ಕಮೆಂಟ್ ಇದೆ, ಎಲ್ಲಿಂದ ಶುರು ಮಾಡಲಿ?" ಅಂತ ಫೋನ್ ಮಾಡಿದಳು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಅವಳ ಪೇಪರ್ ಇನ್ನೂ ಅಚ್ಚಾಗಿಲ್ಲ, ಅದನ್ನು ಇಲ್ಲಿ ಹರಡುವುದು ಸರಿಯಲ್ಲ. ಅದಕ್ಕೆ ನಮ್ಮ ಕೊಡಗಿನದೇ ಒಂದು ಪೇಪರ್ ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಯಾವ ತೋಟದ ನಿಜವಾದ ಅಂಕಿಯೂ ಅಲ್ಲ. ನಿಜವಾದ ಪತ್ರ ಇಂಗ್ಲಿಷ್‌ನಲ್ಲಿ ಹೋಗುತ್ತದೆ, ಆದರೆ ಮೊದಲ ಕರಡನ್ನು ಕನ್ನಡದಲ್ಲೇ ಬರೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ನಮ್ಮ ಮಾತಿನಲ್ಲಿ ಬರೆದಾಗ "ನಾನು ಇದನ್ನು ಮಾಡಿದ್ದೀನಾ, ಇಲ್ವಾ" ಅನ್ನುವುದನ್ನು ಮುಚ್ಚಿಡಲು ಆಗುವುದಿಲ್ಲ.

ನಮ್ಮ ಪೇಪರ್

ವಿರಾಜಪೇಟೆ, ಪೊನ್ನಂಪೇಟೆ ಕಡೆಯ 8 ರೊಬಸ್ಟಾ ತೋಟಗಳು. 4 ತೋಟದಲ್ಲಿ ಹಳೆಯ ಕಾಡು ಮರಗಳ ನೆರಳು: ಹಲಸು, ಅತ್ತಿ, ಬೀಟೆ, ಹೊನ್ನೆ. ಇನ್ನು 4 ತೋಟದಲ್ಲಿ ಹೆಚ್ಚುಕಡಿಮೆ ಸಿಲ್ವರ್ ಓಕ್ ಮಾತ್ರ, ಅದಕ್ಕೆ ಮೆಣಸಿನ ಬಳ್ಳಿ. ಪ್ರತಿ ತೋಟದಲ್ಲಿ 10 ಪ್ಲಾಟ್ ಮಾಡಿ, ಕೊಯ್ಲಿಗೆ ಮೊದಲು ಗಿಡದ ಕಾಯಿಗಳಲ್ಲಿ ನೂರಕ್ಕೆ ಎಷ್ಟಕ್ಕೆ ಕಾಯಿ ಕೊರಕ ಹುಳು ಬಿದ್ದಿದೆ ಅಂತ ಎಣಿಸಿದ್ದಾರೆ. ಒಟ್ಟು 80 ಪ್ಲಾಟ್. ಕಾಡು ಮರದ ನೆರಳಿನಲ್ಲಿ ಸರಾಸರಿ ನೂರಕ್ಕೆ 7, ಸಿಲ್ವರ್ ನೆರಳಿನಲ್ಲಿ 11. ಪೇಪರ್‌ನ ಸಾರಾಂಶ ಹೇಳುತ್ತದೆ: "ಸಿಲ್ವರ್ ಓಕ್ ನೆರಳು ಕಾಯಿ ಕೊರಕದ ಹಾವಳಿಯನ್ನು ಹೆಚ್ಚಿಸುತ್ತದೆ."

ಇದಕ್ಕೆ ಬಂದ ಕಮೆಂಟುಗಳಲ್ಲಿ ನಾಲ್ಕೈದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಕಾಗುಣಿತ, ಚಿತ್ರದ ಅಕ್ಷರದ ಗಾತ್ರ, ಉಲ್ಲೇಖದ ವರ್ಷ ತಪ್ಪಿದ್ದು, ಇಂಥವಕ್ಕೆ "ಸರಿಪಡಿಸಿದ್ದೇವೆ, ಸಾಲು 212" ಅಂದರೆ ಸಾಕು.

ಪೇಪರನ್ನೇ ಅಲುಗಾಡಿಸುವ ಕಮೆಂಟ್

> ಕಮೆಂಟ್ 1.1: ಲೇಖಕರು 80 ಪ್ಲಾಟ್‌ಗಳನ್ನು 80 ಸ್ವತಂತ್ರ ಮಾದರಿಗಳಂತೆ ಲೆಕ್ಕ ಹಾಕಿದ್ದಾರೆ. ನೆರಳಿನ ಬಗೆ ಬದಲಾಗುವುದು ತೋಟದ ಮಟ್ಟದಲ್ಲಿ. ನಿಜವಾದ ಮಾದರಿ ಸಂಖ್ಯೆ 8 ಮಾತ್ರ. ಈ ವಿಶ್ಲೇಷಣೆ ಒಪ್ಪುವಂಥದ್ದಲ್ಲ.

ಇದನ್ನು ಓದಿದಾಗ ಮೈ ಬಿಸಿಯಾಗುತ್ತದೆ, ಗೊತ್ತು. ಎರಡು ತಿಂಗಳು ಜಿಗಣೆ ಕಚ್ಚಿಸಿಕೊಂಡು 80 ಪ್ಲಾಟ್ ಮಾಡಿದವರಿಗೆ "ನಿಮ್ಮದು ಎಂಟೇ" ಅಂದರೆ ಹೇಗಿರಬೇಡ. ಆದರೆ ರಿವ್ಯೂವರ್ ಹೇಳಿದ್ದು ಸರಿ. ಒಂದು ತೋಟದ ಹತ್ತು ಪ್ಲಾಟ್‌ಗೂ ಒಬ್ಬರೇ ಯಜಮಾನರು, ಒಂದೇ ಔಷಧಿ, ಒಂದೇ ಕೊಯ್ಲು, ಒಂದೇ ಮಳೆ. ಒಂದೇ ಮನೆಯ ಹತ್ತು ಜನರನ್ನು ಕೇಳಿ ಊರಿನ ಅಭಿಪ್ರಾಯ ಅಂತ ಹೇಳಿದ ಹಾಗೆ ಇದು. ಪರಿಸರ ಅಧ್ಯಯನಗಳಲ್ಲಿ ಈ ತಪ್ಪು ಎಷ್ಟು ಸಾಮಾನ್ಯ ಅಂದರೆ 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಇದಕ್ಕೆ ಸ್ಯೂಡೋರೆಪ್ಲಿಕೇಷನ್ ಅಂತ ಹೆಸರನ್ನೇ ಇಟ್ಟರು. ಆ ಹೆಸರು ಬಲ್ಲ ರಿವ್ಯೂವರ್ ಮುಂದೆ ವಾದ ಮಾಡಿ ಪ್ರಯೋಜನ ಇಲ್ಲ, ಮಾಡಲೂಬಾರದು.

ಇಲ್ಲಿ ಪತ್ರಕ್ಕಿಂತ ಮೊದಲು ಲೆಕ್ಕ. ಪ್ರತಿ ತೋಟಕ್ಕೆ ಹತ್ತು ಪ್ಲಾಟ್‌ಗಳ ಸರಾಸರಿ ತೆಗೆದು, ನಾಲ್ಕಕ್ಕೆ ನಾಲ್ಕನ್ನು ಹೋಲಿಸಬೇಕು. ಆರ್ ಬಳಸುವವರಿಗೆ ಇದು ಎರಡು ಸಾಲು:

```
m <- aggregate(bored ~ estate + shade, data = d, FUN = mean)
t.test(bored ~ shade, data = m, var.equal = TRUE)
```

ನಮ್ಮ ಉದಾಹರಣೆಯಲ್ಲಿ ಕಾಡು ಮರದ ತೋಟಗಳ ಸರಾಸರಿ 6, 9, 5, 8. ಸಿಲ್ವರ್ ತೋಟಗಳದು 9, 14, 8, 13. ವ್ಯತ್ಯಾಸ ಮೊದಲಿನ ಹಾಗೇ 4. ಆದರೆ ಅದರ ಶೇಕಡಾ 95ರ ವಿಶ್ವಾಸಾಂತರ ಈಗ −0.2 ರಿಂದ 8.2. ಪಿ ಮೌಲ್ಯ 0.06. ಹಳೆಯ ಲೆಕ್ಕದಲ್ಲಿ ಅದು 0.001ಕ್ಕಿಂತ ಕಡಿಮೆ ಇತ್ತು ಅಂದುಕೊಳ್ಳಿ. ಅಂದರೆ ವ್ಯತ್ಯಾಸ ಮಾಯವಾಗಲಿಲ್ಲ, ಅದರ ಮೇಲಿದ್ದ ನಮ್ಮ ಧೈರ್ಯ ಕಡಿಮೆಯಾಯಿತು. ಮಿಕ್ಸೆಡ್ ಮಾಡೆಲ್ ಬಳಸಿ ತೋಟವನ್ನು ರ‍್ಯಾಂಡಮ್ ಎಫೆಕ್ಟ್ ಅಂತ ಕೊಡಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ. ಬರೀ 8 ತೋಟ ಇದ್ದಾಗ ಮಾತ್ರ ಅದು ಕೊಡುವ ಅಂತರ ಕೆಲವೊಮ್ಮೆ ಇರಬೇಕಾದ್ದಕ್ಕಿಂತ ಕಿರಿದಾಗಿರುತ್ತದೆ. ಪ್ಲಾಟ್‌ಗಳ ಸಂಖ್ಯೆ ಎಲ್ಲ ತೋಟಕ್ಕೂ ಸಮ ಇರುವಾಗ ಸರಾಸರಿ ತೆಗೆದು ಹೋಲಿಸುವುದೇ ಸರಳ, ಓದುವವರಿಗೂ ಸಲೀಸು.

ಈಗ ಉತ್ತರ. ಹೆಚ್ಚಿನವರು ಮೊದಲ ಕರಡಿನಲ್ಲಿ ಬರೆಯುವುದು ಹೀಗೆ: "ಅಮೂಲ್ಯ ಸಲಹೆಗಾಗಿ ಧನ್ಯವಾದ. ನಾವು ವಿಶ್ಲೇಷಣೆಯನ್ನು ಸೂಕ್ತವಾಗಿ ಪರಿಷ್ಕರಿಸಿದ್ದೇವೆ." ಇದರಿಂದ ಸಂಪಾದಕರಿಗೆ ಏನೂ ತಿಳಿಯುವುದಿಲ್ಲ. ಏನು ಪರಿಷ್ಕರಿಸಿದಿರಿ? ಫಲಿತಾಂಶ ಉಳಿಯಿತೇ, ಬಿತ್ತೇ? ಬೇಕಾದ ಉತ್ತರ ಇದು:

> ಉತ್ತರ: ಒಪ್ಪುತ್ತೇವೆ, ವಿಶ್ಲೇಷಣೆಯನ್ನು ಬದಲಾಯಿಸಿದ್ದೇವೆ. ಈಗ ತೋಟವೇ ಮಾದರಿಯ ಘಟಕ (ಪ್ರತಿ ಬಗೆಗೆ 4). ವ್ಯತ್ಯಾಸ ನೂರಕ್ಕೆ 4 ಅಂಶದಷ್ಟೇ ಉಳಿದಿದೆ, ಆದರೆ ವಿಶ್ವಾಸಾಂತರ −0.2 ರಿಂದ 8.2 (ಪಿ = 0.06). ಆದ್ದರಿಂದ ಸಿಲ್ವರ್ ಓಕ್ ಹಾವಳಿಯನ್ನು ಹೆಚ್ಚಿಸುತ್ತದೆ ಎಂಬ ಹೇಳಿಕೆಯನ್ನು ಹಿಂತೆಗೆದುಕೊಂಡಿದ್ದೇವೆ.
>
> ಬದಲಾವಣೆ: ವಿಧಾನ, ಸಾಲು 141–149; ಫಲಿತಾಂಶ, ಸಾಲು 188–196; ಚಿತ್ರ 2 (ಈಗ 8 ಚುಕ್ಕೆ); ಸಾರಾಂಶ, ಸಾಲು 22–24; ಶೀರ್ಷಿಕೆ.
>
> ಸಾರಾಂಶದ ಹಳೆಯ ವಾಕ್ಯ: "ಸಿಲ್ವರ್ ಓಕ್ ನೆರಳು ಕಾಯಿ ಕೊರಕದ ಹಾವಳಿಯನ್ನು ಹೆಚ್ಚಿಸುತ್ತದೆ." ಹೊಸ ವಾಕ್ಯ: "ಸಿಲ್ವರ್ ಓಕ್ ನೆರಳಿನ 4 ತೋಟಗಳಲ್ಲಿ ಹಾವಳಿ ಸರಾಸರಿ ಹೆಚ್ಚಿತ್ತು, ಆದರೆ 8 ತೋಟಗಳ ಮಾದರಿಯಲ್ಲಿ ಈ ವ್ಯತ್ಯಾಸದ ಗಾತ್ರ ಖಚಿತವಲ್ಲ."

ಉತ್ತರದ ಮೊದಲ ಪದ ನೋಡಿ: "ಒಪ್ಪುತ್ತೇವೆ". ಪ್ರತಿ ಉತ್ತರದ ಮೊದಲ ವಾಕ್ಯದಲ್ಲೇ ಮಾಡಿದ್ದೇವೆ, ಮಾಡಿಲ್ಲ, ಅರ್ಧ ಮಾಡಿದ್ದೇವೆ, ಈ ಮೂರರಲ್ಲಿ ಒಂದು ಬಂದುಬಿಡಬೇಕು. ಕಾರಣ ಆಮೇಲೆ. ಧನ್ಯವಾದವನ್ನು ಪತ್ರದ ತಲೆಯಲ್ಲಿ ಒಮ್ಮೆ ಮನಸಾರೆ ಹೇಳಿ, ಸಾಕು. ಹದಿನೇಳು ಸಲ ಹೇಳಿದರೆ ಓದುವವರ ಕಣ್ಣು ಅದನ್ನು ದಾಟಿ ಹೋಗುತ್ತದೆ, ಜೊತೆಗೆ ಅದರ ಪಕ್ಕದ ಮುಖ್ಯ ಮಾತನ್ನೂ ದಾಟುತ್ತದೆ.

ಇನ್ನೊಂದು, ಬದಲಾವಣೆಯ ಪಟ್ಟಿ ಎಷ್ಟು ಉದ್ದ ಇದೆ ನೋಡಿದಿರಾ. ಲೆಕ್ಕ ಒಂದು ಕಡೆ ಬದಲಾದರೆ ಪೇಪರ್‌ನಲ್ಲಿ ಐದಾರು ಕಡೆ ಬದಲಾಗಬೇಕು. ನಾನು ನೋಡಿದ ಕರಡುಗಳಲ್ಲಿ ಹೆಚ್ಚು ಸಲ ಎಡವುವುದು ಇಲ್ಲೇ. ಫಲಿತಾಂಶದಲ್ಲಿ 0.06 ಅಂತ ತಿದ್ದಿರುತ್ತಾರೆ, ಆದರೆ ಚರ್ಚೆಯ ಕೊನೆಯಲ್ಲಿ "ನಮ್ಮ ಅಧ್ಯಯನ ಸ್ಪಷ್ಟವಾಗಿ ತೋರಿಸಿದಂತೆ" ಅನ್ನುವ ಹಳೆಯ ಸಾಲು ಹಾಗೇ ಕೂತಿರುತ್ತದೆ. ಇದನ್ನು ಹಿಡಿಯಲು ಸುಲಭ ದಾರಿ ಇದೆ. ನಿಮ್ಮ ಹಳೆಯ ತೀರ್ಮಾನ ಯಾವ ಪದಗಳಲ್ಲಿತ್ತೋ, ಹೆಚ್ಚಿಸುತ್ತದೆ, ಕಾರಣ, ಸ್ಪಷ್ಟ, ಸಾಬೀತು, ಅವನ್ನು ಪೇಪರ್‌ನಲ್ಲಿ ಒಂದೊಂದಾಗಿ ಹುಡುಕಿ, ಸಿಕ್ಕ ಕಡೆಯಲ್ಲೆಲ್ಲ ನಿಂತು ಓದಿ.

ಈಗ ಮಾಡಲಾಗದ್ದನ್ನು ಕೇಳಿದಾಗ

> ಕಮೆಂಟ್ 2.1: ಕೊಯ್ಲಾದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಕಾಯಿಗಳಲ್ಲಿ ಈ ಹುಳು ಉಳಿದುಕೊಳ್ಳುತ್ತದೆ. ಯಾವ ತೋಟದಲ್ಲಿ ಅವನ್ನು ಹೆಕ್ಕಿದ್ದಾರೆ, ಯಾವುದರಲ್ಲಿ ಇಲ್ಲ ಎಂಬ ಮಾಹಿತಿ ಇಲ್ಲ. ವ್ಯತ್ಯಾಸಕ್ಕೆ ನೆರಳೇ ಕಾರಣ ಎನ್ನುವುದು ಹೇಗೆ?

ತೋಟ ಬಲ್ಲವರು ಕೇಳುವ ಪ್ರಶ್ನೆ ಇದು. ಕೊಯ್ಲು ಮುಗಿದ ಮೇಲೆ ನೆಲದ ಕಾಯಿ ಹೆಕ್ಕಿಸುವವರು, ಆಳು ಸಿಗದೆ ಬಿಡುವವರು, ಇಬ್ಬರೂ ನಮ್ಮಲ್ಲಿ ಇದ್ದಾರೆ. ಹಿಂದಿನ ವರ್ಷಕ್ಕೆ ಹೋಗಿ ಎಣಿಸಿಕೊಂಡು ಬರಲು ಆಗುವುದಿಲ್ಲ. ಆದರೆ "ಇದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ" ಅಂತ ಬರೆದು ಕೈತೊಳೆದುಕೊಳ್ಳಬೇಡಿ, ಆ ವಾಕ್ಯ ಕಂಡರೆ ರಿವ್ಯೂವರ್‌ಗೆ ತಪ್ಪಿಸಿಕೊಳ್ಳುತ್ತಿದ್ದಾರೆ ಅಂತಲೇ ಅನ್ನಿಸುವುದು. ಎಂಟು ಜನ ತೋಟದವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ ಅಲ್ವಾ? ಒಂದು ಸಂಜೆ ಕೂತು ಮಾಡಿ. ನೆಲದ ಕಾಯಿ ಹೆಕ್ಕಿಸಿದ್ದಿರಾ, ಔಷಧಿ ಹೊಡೆಸಿದ್ದಿರಾ, ಕೊಯ್ಲು ಯಾವಾಗ ಮುಗಿಯಿತು, ಇಷ್ಟನ್ನೇ ಎಲ್ಲರಿಗೂ ಒಂದೇ ರೀತಿಯಲ್ಲಿ ಕೇಳಿ.

ನಮ್ಮ ಉದಾಹರಣೆಯಲ್ಲಿ ಕಾಡು ಮರದ 4 ತೋಟಗಳಲ್ಲಿ 3ರಲ್ಲಿ ಹೆಕ್ಕಿಸಿದ್ದರು, ಸಿಲ್ವರ್‌ನ 4ರಲ್ಲಿ 1ರಲ್ಲಿ ಮಾತ್ರ. ರಿವ್ಯೂವರ್‌ನ ಅನುಮಾನ ನಿಜವಾಗಿಬಿಟ್ಟಿತು. ಇದನ್ನು ಬಚ್ಚಿಡಬೇಡಿ. ಇದೇ ನಿಮ್ಮ ಉತ್ತರ:

> ಉತ್ತರ: ಭಾಗಶಃ ಮಾಡಿದ್ದೇವೆ. ಎಂಟೂ ತೋಟದವರನ್ನು ಫೋನಿನಲ್ಲಿ ಕೇಳಿ ಈ ಮಾಹಿತಿಯನ್ನು ಹೊಸ ಕೋಷ್ಟಕ 2ರಲ್ಲಿ ಕೊಟ್ಟಿದ್ದೇವೆ. ಉಳಿದ ಕಾಯಿಗಳನ್ನು ಹೆಕ್ಕಿಸಿದ್ದು ಕಾಡು ಮರದ 3 ತೋಟಗಳಲ್ಲಿ, ಸಿಲ್ವರ್ ಓಕ್‌ನ 1 ತೋಟದಲ್ಲಿ. 8 ತೋಟಗಳಿಂದ ನೆರಳಿನ ಪರಿಣಾಮವನ್ನೂ ಹೆಕ್ಕುವಿಕೆಯ ಪರಿಣಾಮವನ್ನೂ ಬೇರ್ಪಡಿಸಲು ಆಗುವುದಿಲ್ಲ, ಆದ್ದರಿಂದ ಅದನ್ನು ಮಾಡೆಲ್‌ಗೆ ಸೇರಿಸಿಲ್ಲ. ಚರ್ಚೆಯಲ್ಲಿ ಇದನ್ನು ನೇರವಾಗಿ ಹೇಳಿದ್ದೇವೆ (ಸಾಲು 251–260). ಮಾಹಿತಿ ತೋಟದವರ ನೆನಪಿನಿಂದ ಬಂದದ್ದು ಎಂಬುದನ್ನೂ ಸೇರಿಸಿದ್ದೇವೆ (ಸಾಲು 133).

"ಅದನ್ನೂ ಮಾಡೆಲ್‌ಗೆ ಹಾಕಿಬಿಡೋಣ, ರಿವ್ಯೂವರ್ ಖುಷಿಯಾಗುತ್ತಾರೆ" ಅಂತ ಆಸೆ ಆಗುತ್ತದೆ. ಎಂಟು ತೋಟಕ್ಕೆ ಎರಡು ಮೂರು ಕಾರಣ ತುರುಕಿದರೆ ಕಂಪ್ಯೂಟರ್ ಅಂಕಿ ಕೊಡುತ್ತದೆ, ಆದರೆ ಒಂದು ತೋಟ ತೆಗೆದು ನೋಡಿದರೆ ಉತ್ತರ ತಲೆಕೆಳಗಾಗಬಹುದು. ಮಾಡದೆ ಇದ್ದದ್ದಕ್ಕೆ ಹೀಗೆ ಕಾರಣ ಕೊಟ್ಟರೆ ಒಳ್ಳೆಯ ರಿವ್ಯೂವರ್ ಒಪ್ಪುತ್ತಾರೆ.

ಇದೇ ಜಾತಿಯದು "ಎರಡನೇ ವರ್ಷದ ಡೇಟಾ ಬೇಕು" ಅನ್ನುವ ಕಮೆಂಟ್. ಹೂ ಮಳೆ ಹಿಂದೆಮುಂದೆ ಆದರೆ ಹೂವು, ಕಾಯಿ ಎಲ್ಲ ಹಿಂದೆಮುಂದೆ, ಕಾಯಿ ಬಲಿಯುವ ಹೊತ್ತನ್ನು ಕಾಯುವ ಹುಳುವಿನ ಲೆಕ್ಕವೂ ಹಾಗೇ. ಹಾಗಾಗಿ ಒಂದೇ ವರ್ಷ ಎಣಿಸಿದ್ದು ಕಡಿಮೆಯೇ. ಇಲ್ಲಿ ಮೂರು ಸಾಲು ಸಾಕು: ಮಾಡಲಾಗಿಲ್ಲ, ಯೋಜನೆಯ ಅವಧಿ ಮುಗಿದಿದೆ, ಶೀರ್ಷಿಕೆಗೆ "ಒಂದು ಹಂಗಾಮಿನ ಅಧ್ಯಯನ" ಎಂದು ಸೇರಿಸಿದ್ದೇವೆ. "ಮುಂದೆ ಖಂಡಿತ ಮಾಡುತ್ತೇವೆ" ಅಂತ ಮಾತು ಕೊಡಬೇಡಿ, ಆ ಮಾತಿನಿಂದ ಈ ಪೇಪರ್ ಬದಲಾಗುವುದಿಲ್ಲ.

ರಿವ್ಯೂವರ್ ತಪ್ಪಾಗಿ ಓದಿದಾಗ

> ಕಮೆಂಟ್ 2.4: ಕೊರೆದ ಕಾಯಿ ಎಂದು ಹೇಗೆ ಗುರುತಿಸಿದರು ಎಂಬುದನ್ನು ಎಲ್ಲಿಯೂ ಹೇಳಿಲ್ಲ.

ಹೇಳಿದ್ದೀರಿ. ವಿಧಾನದ ಕೊನೆಯ ಪ್ಯಾರಾದಲ್ಲಿ, ಪ್ಲಾಟ್ ಅಳತೆಯ ನಡುವೆ ಒಂದು ಅರ್ಧ ವಾಕ್ಯ ಇದೆ. "ದಯವಿಟ್ಟು ಸಾಲು 158 ನೋಡಿ, ಅಲ್ಲಿ ಈಗಾಗಲೇ ಹೇಳಲಾಗಿದೆ" ಅಂತ ಬರೆಯಲು ಕೈ ತುರಿಸುತ್ತದೆ. ಬೇಡ. ತಿಂಗಳುಗಟ್ಟಲೆ ಇದೇ ವಿಷಯದಲ್ಲಿ ಕೆಲಸ ಮಾಡುವ, ಪೇಪರನ್ನು ಗಮನವಿಟ್ಟು ಓದಿದ ಒಬ್ಬರಿಗೆ ಅದು ಕಾಣಲಿಲ್ಲ ಅಂದರೆ, ಅಚ್ಚಾದ ಮೇಲೆ ಸುಮ್ನೆ ಕಣ್ಣಾಡಿಸುವ ಓದುಗರಿಗೆ ಕಾಣುತ್ತದೆಯೇ? ತಪ್ಪು ಜಾಗದಲ್ಲಿದೆ ಅಂತ ಅರ್ಥ. ಉತ್ತರ ಹೀಗಿರಲಿ:

> ಉತ್ತರ: ಈ ಮಾಹಿತಿ ಪ್ಲಾಟ್‌ಗಳ ವಿವರಣೆಯ ನಡುವೆ ಸೇರಿಹೋಗಿತ್ತು, ಈಗ ಅದನ್ನು ಬೇರೆ ಪ್ಯಾರಾ ಮಾಡಿದ್ದೇವೆ (ಸಾಲು 150–154): "ಕಾಯಿಯ ತುದಿಯಲ್ಲಿ, ಹೂವಿನ ಗುರುತಿನ ಬಳಿ, ಸಣ್ಣ ದುಂಡನೆಯ ತೂತು ಇದ್ದರೆ ಅದನ್ನು ಕೊರೆದ ಕಾಯಿ ಎಂದು ಎಣಿಸಿದೆವು."

ಹೊಸ ವಾಕ್ಯವನ್ನು ಪತ್ರದಲ್ಲೇ ಪೂರ್ತಿ ಕೊಟ್ಟಿದ್ದೇವೆ, ಗಮನಿಸಿ. ನಾಲ್ಕೈದು ಸಾಲಿನವರೆಗಿನ ಬದಲಾವಣೆಯನ್ನೆಲ್ಲ ಹೀಗೆ ಪತ್ರದಲ್ಲಿ ಅಂಟಿಸಿಬಿಡಿ. ಅರ್ಧ ಪುಟ ಹೊಸದಾಗಿ ಬರೆದಿದ್ದರೆ ಮಾತ್ರ ಸಾರಾಂಶ ಕೊಟ್ಟು ಸಾಲಿನ ನಂಬರ್ ಕೊಡಿ.

ಇಬ್ಬರು ಎರಡು ದಿಕ್ಕಿಗೆ ಎಳೆದಾಗ

ಮೊದಲ ರಿವ್ಯೂವರ್ ಕಮೆಂಟ್ 1.5ರಲ್ಲಿ ಹೇಳುತ್ತಾರೆ, ಪೀಠಿಕೆಯಲ್ಲಿ ಕಾಯಿ ಕೊರಕದ ಇತಿಹಾಸ ಜಾಸ್ತಿ ಆಯಿತು, ತೆಗೆಯಿರಿ. ಎರಡನೆಯವರು 2.6ರಲ್ಲಿ ಹೇಳುತ್ತಾರೆ, ಇದು ಭಾರತಕ್ಕೆ ಬಂದ ಹಿನ್ನೆಲೆ ಸಾಲದು, ಬೆಳೆಸಿ. ಒಬ್ಬರನ್ನು ಮೆಚ್ಚಿಸಿ ಇನ್ನೊಬ್ಬರ ಕಮೆಂಟನ್ನು ಹಾಗೇ ದಾಟಿಸುವ ಹಾಗಿಲ್ಲ, ಸಾಮಾನ್ಯವಾಗಿ ಇಬ್ಬರೂ ಇಡೀ ಪತ್ರ ಓದುತ್ತಾರೆ. ನೀವೇ ಒಂದು ನಿರ್ಧಾರ ಮಾಡಿ ಎರಡೂ ಕಡೆ ಅದನ್ನೇ ಹೇಳಿ. ನಾನಾದರೆ ಎರಡು ಪ್ಯಾರಾ ಇತಿಹಾಸವನ್ನು ತೆಗೆದು ಒಂದೇ ವಾಕ್ಯ ಉಳಿಸುತ್ತೇನೆ: ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ, ಆಮೇಲೆ ಕೊಡಗಿಗೂ ಹಬ್ಬಿತು. ಆಮೇಲೆ 1.5ರ ಉತ್ತರದಲ್ಲಿ "ಎರಡು ಪ್ಯಾರಾ ತೆಗೆದಿದ್ದೇವೆ, 2.6ನ್ನೂ ನೋಡಿ" ಎಂದೂ, 2.6ರಲ್ಲಿ "ಒಂದನೇ ರಿವ್ಯೂವರ್ ಇದನ್ನು ಕಡಿಮೆ ಮಾಡಲು ಕೇಳಿದ್ದರಿಂದ ಒಂದು ವಾಕ್ಯಕ್ಕೆ ಸೀಮಿತಗೊಳಿಸಿದ್ದೇವೆ, ಸಂಪಾದಕರಿಗೆ ಬೇರೆ ಅಭಿಪ್ರಾಯವಿದ್ದರೆ ಬದಲಾಯಿಸುತ್ತೇವೆ" ಎಂದೂ ಬರೆಯುತ್ತೇನೆ. ಇಂಥ ಜಗಳ ಬಿಡಿಸುವುದು ಸಂಪಾದಕರ ಕೆಲಸ, ಅವರಿಗೆ ದಾರಿ ಬಿಟ್ಟುಕೊಡಿ.

ಒಬ್ಬರೇ ಲೇಖಕರ ನಾಲ್ಕೈದು ಪೇಪರ್‌ಗಳನ್ನು ಉಲ್ಲೇಖಿಸಿ ಅಂತ ರಿವ್ಯೂವರ್ ಕೇಳಿದರೆ? ಎಲ್ಲವನ್ನೂ ಓದಿ. ನಿಮ್ಮ ವಿಷಯಕ್ಕೆ ಹೊಂದುವುದನ್ನು ಸೇರಿಸಿ, ಉಳಿದವು ಯಾಕೆ ಹೊಂದುವುದಿಲ್ಲ ಅಂತ ಒಂದು ವಾಕ್ಯದಲ್ಲಿ ಹೇಳಿ. ಒತ್ತಡ ಜಾಸ್ತಿ ಅನ್ನಿಸಿದರೆ ಅದನ್ನು ಸಂಪಾದಕರಿಗೆ ಮಾತ್ರ ಹೋಗುವ ಕವರ್ ಲೆಟರ್‌ನಲ್ಲಿ ಬರೆಯಿರಿ, ಉತ್ತರ ಪತ್ರದಲ್ಲಿ ಬೇಡ.

ಕಳಿಸುವ ಮೊದಲು

ಸಾಲಿನ ನಂಬರ್‌ಗಳನ್ನು ಕೊನೆಗೆ ಹಾಕಿ. ಬರೆಯುವಾಗ "ಸಾಲು ___" ಅಂತ ಖಾಲಿ ಬಿಟ್ಟುಕೊಂಡು ಹೋಗಿ, ಯಾಕೆಂದರೆ ಪೀಠಿಕೆಯಲ್ಲಿ ಒಂದು ಪ್ಯಾರಾ ತೆಗೆದ ಕೂಡಲೇ ಕೆಳಗಿನ ಎಲ್ಲ ನಂಬರೂ ಜಾರುತ್ತವೆ. ಸಾಮಾನ್ಯವಾಗಿ ಎರಡು ಪ್ರತಿ ಕೇಳುತ್ತಾರೆ, ತಿದ್ದುಪಡಿಯ ಗುರುತು ಇರುವುದು ಒಂದು, ಶುದ್ಧ ಪ್ರತಿ ಒಂದು. ಇವೆರಡರ ಸಾಲುಗಳು ಒಂದೇ ಆಗಿರುವುದಿಲ್ಲ. ಪತ್ರದ ತಲೆಯಲ್ಲೇ "ಸಾಲಿನ ಸಂಖ್ಯೆಗಳು ಶುದ್ಧ ಪ್ರತಿಯವು" ಅಂತ ಬರೆಯಿರಿ.

ಆಮೇಲೆ ಪತ್ರವನ್ನು ಒಂದು ಕಡೆ, ಶುದ್ಧ ಪ್ರತಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು, ಪತ್ರದಲ್ಲಿ ಹೇಳಿದ ಪ್ರತಿ ಬದಲಾವಣೆಯೂ ಪೇಪರ್‌ನಲ್ಲಿ ಇದೆಯೇ ಅಂತ ಬೆರಳಿಟ್ಟು ನೋಡಿ. ಇದನ್ನು ಬೇರೆಯವರಿಂದ ಮಾಡಿಸಿದರೆ ಒಳ್ಳೆಯದು. ಸೋಮವಾರಪೇಟೆಯ ಹುಡುಗಿಯ ಪತ್ರವನ್ನು ನಾನು ಹೀಗೆ ನೋಡಿದಾಗ ಒಂದು ಕಡೆ "ಚಿತ್ರ 3ನ್ನು ಬದಲಾಯಿಸಿದ್ದೇವೆ" ಅಂತಿತ್ತು, ಪೇಪರ್‌ನಲ್ಲಿ ಹಳೆಯ ಚಿತ್ರವೇ ಇತ್ತು. ಅವಳು ಬದಲಾಯಿಸಿದ್ದು ನಿಜ, ಆದರೆ ಸಹ ಲೇಖಕರೊಬ್ಬರು ಹಳೆಯ ಫೈಲ್‌ನಲ್ಲಿ ತಿದ್ದಿ ಕಳಿಸಿದ್ದರು. ಒಂದು ಕಡೆ ಹೀಗಾದರೆ ರಿವ್ಯೂವರ್ ಉಳಿದ ಹದಿನಾರನ್ನೂ ಅನುಮಾನದಿಂದ ನೋಡುತ್ತಾರೆ.

ಲೇಖಕರ ಹೆಸರು ಮುಚ್ಚಿಟ್ಟು ರಿವ್ಯೂ ಮಾಡಿಸುವ ಜರ್ನಲ್ ಆದರೆ ಉತ್ತರ ಪತ್ರದ ಕೊನೆಯಲ್ಲಿ ಸಹಿ, ಕಾಲೇಜಿನ ಹೆಸರು ಬರಬಾರದು, ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಕೂತಿರುವ ಹೆಸರನ್ನೂ ಅಳಿಸಿ.

ಗಡುವು ಸಾಲದಿದ್ದರೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಸಂಪಾದಕರಿಗೆ ಎರಡು ಸಾಲಿನ ಮೇಲ್ ಹಾಕಿ ಇನ್ನಷ್ಟು ಸಮಯ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಜುಲೈನಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿಕೊಂಡು ಕೊನೆಯ ದಿನಕ್ಕೆ ಅಪ್‌ಲೋಡ್ ಇಟ್ಟುಕೊಳ್ಳಬೇಡಿ. ಎಲ್ಲ ಫೈಲ್ ಹಾಕಿದ ಮೇಲೆ ಜರ್ನಲ್‌ನ ಸೈಟ್ ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಿಕೊಡುತ್ತದೆ. ಅದನ್ನು ತೆರೆದು ನೋಡದೆ ಅಪ್ರೂವ್ ಒತ್ತಬೇಡಿ. ಕಮೆಂಟಿಗೂ ಉತ್ತರಕ್ಕೂ ಬಣ್ಣದಲ್ಲಿ ಮಾತ್ರ ವ್ಯತ್ಯಾಸ ಮಾಡಿದ್ದರೆ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿ ಓದುವವರಿಗೆ ಎರಡೂ ಒಂದೇ ಆಗಿ ಕಾಣುತ್ತದೆ. ಅದಕ್ಕೆ "ಕಮೆಂಟ್", "ಉತ್ತರ", "ಬದಲಾವಣೆ" ಅಂತ ಪದಗಳನ್ನೇ ಬರೆಯಿರಿ.

ಎರಡನೇ ಸುತ್ತು ಬಂದರೆ ಹೊಸ ನಂಬರ್ ಶುರು ಮಾಡಬೇಡಿ. 2.1ಕ್ಕೆ ಮತ್ತೆ ಪ್ರಶ್ನೆ ಬಂದಿದ್ದರೆ "2.1, ಎರಡನೇ ಸುತ್ತು" ಅಂತ ಬರೆದು, ಹಳೆಯ ಕಮೆಂಟು, ನಿಮ್ಮ ಹಳೆಯ ಉತ್ತರ, ಹೊಸ ಪ್ರಶ್ನೆ, ಹೊಸ ಉತ್ತರ, ಎಲ್ಲವನ್ನೂ ಒಂದರ ಕೆಳಗೆ ಒಂದು ಇಡಿ. ಮೂರು ತಿಂಗಳು ಕಳೆದಿರುತ್ತದೆ, ರಿವ್ಯೂವರ್‌ಗೆ ಎಲ್ಲವೂ ನೆನಪಿರುವುದಿಲ್ಲ.